ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತಿದೆಯೇ? ಸಂಪ್ ಮೋಟರನ್ನೂ ನೋಡಿ

ವೈರಿಂಗ್ ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಮೂರು ತಂತಿಗಳು ಏನು ಮಾಡುತ್ತವೆ ಅಂತ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಕರೆಂಟ್ ತರುವ ತಂತಿ ಫೇಸ್. ಕೆಲಸ ಮಾಡಿದ ಕರೆಂಟ್ ವಾಪಸ್ ಹೋಗುವ ತಂತಿ ನ್ಯೂಟ್ರಲ್. ಮೂರನೆಯದು ಅರ್ಥ್. ಎಲ್ಲ ಸರಿಯಿದ್ದಾಗ ಇದರಲ್ಲಿ ಕರೆಂಟ್ ಹರಿಯಬಾರದು. ಫ್ರಿಜ್, ಗೀಸರ್, ಮೋಟರುಗಳ ತಗಡಿನ ಮೈಯನ್ನು ಹೊರಗಿನ ಅರ್ಥಿಂಗ್ ಗುಂಡಿಗೆ ಸೇರಿಸುವ ತಂತಿ ಇದು. ಒಳಗೆ ಫೇಸ್ ತಂತಿಯ ಹೊದಿಕೆ ಹಾಳಾಗಿ ತಗಡಿಗೆ ತಾಗಿದರೆ, ಕರೆಂಟ್ ನಮ್ಮ ಮೈ ಮೇಲೆ ಹಾಯದೆ ಈ ತಂತಿಯಲ್ಲಿ ಇಳಿದು ಹೋಗಲಿ ಅಂತ ಹಾಕಿರುವುದು.

ಹೀಗೆ ದಾರಿ ತಪ್ಪಿ ಹೋಗುವ ಕರೆಂಟಿಗೆ ಲೀಕೇಜ್ ಅನ್ನುತ್ತಾರೆ, ಅಂದರೆ ಸೋರಿಕೆ. ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಾಗಿದರೆ ಅದು ಶಾರ್ಟ್. ತಂತಿ ತಡೆಯುವುದಕ್ಕಿಂತ ಜಾಸ್ತಿ ಸಾಮಾನು ಓಡಿಸಿದರೆ ಓವರ್‌ಲೋಡ್. ಬೋರ್ಡಿನ ಎಂಸಿಬಿ ಇರುವುದು ಶಾರ್ಟಿಗೆ, ಓವರ್‌ಲೋಡಿಗೆ. ಸೋರಿಕೆಗೂ ಅದೇ ಬೀಳುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಕೋಲಾರದ ಕಡೆ ಆ ನಂಬಿಕೆ ಅಪಾಯ.

ಬಣ್ಣದ ವಿಷಯ ಒಂದೇ ಮಾತು. ಹಳೆ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಈಗಿನ ಮೆಷಿನ್‌ಗಳ ಕೇಬಲ್ಲಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ಆದರೆ ಹಳೆ ತ್ರೀ ಫೇಸ್ ಲೈನಿನಲ್ಲಿ ನೀಲಿಯೂ ಒಂದು ಫೇಸೇ. ಅದಕ್ಕೇ ಬಣ್ಣ ನೋಡಿ ಕೈ ಹಾಕಬೇಡಿ, ಮೇನ್ ಆಫ್ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೆ ಮುಟ್ಟಿ.

ಊರಾಚೆಯ ಒಂದು ಮನೆಯ ಕತೆ ಹೇಳುತ್ತೇನೆ. ಏಪ್ರಿಲ್ ತಿಂಗಳು. ಆ ಮನೆಯ ಅಮ್ಮನವರು ಫ್ರಿಜ್ ಬಾಗಿಲು ಮುಟ್ಟಿದರೆ ಕೈ ಜುಮ್ ಅನ್ನುತ್ತೆ ಅಂದರು. ನನ್ನ ಜೊತೆ ಬಂದಿದ್ದ ಹುಡುಗ ಪ್ಲಗ್ ಕಿತ್ತು, ಫ್ರಿಜ್ ಮೈಗೆ ಮೀಟರ್ ಇಟ್ಟು ನೋಡಿದ. "ಪ್ಲಗ್ ತೆಗೆದರೆ ಏನೂ ಇಲ್ಲ ಮೇಸ್ತ್ರೀ, ಫ್ರಿಜ್ಜೇ ಕೆಟ್ಟಿರೋದು" ಅಂದ. ಹಾಗೆ ಅನ್ನಿಸುವುದು ಸಹಜ. ಆದರೆ ಪ್ಲಗ್ ತೆಗೆದಾಗ ಫೇಸ್ ಜೊತೆಗೆ ಅರ್ಥ್ ಪಿನ್ನೂ ಹೊರಗೆ ಬಂತು, ಅಲ್ವಾ? ಶಾಕ್ ಫೇಸ್‌ನಿಂದ ಬರುತ್ತಿತ್ತೋ ಅರ್ಥ್‌ನಿಂದ ಬರುತ್ತಿತ್ತೋ ಇದರಿಂದ ಗೊತ್ತಾಗುವುದಿಲ್ಲ.

"ಯಾವಾಗ ಜಾಸ್ತಿ ಹೊಡೆಯುತ್ತೆ ಅಮ್ಮಾ?" ಅಂತ ಕೇಳಿದೆ. "ಬೆಳಿಗ್ಗೆ ಟ್ಯಾಂಕಿಗೆ ನೀರು ಬಿಟ್ಟಾಗ" ಅಂದರು. ಪ್ಲಗ್ ಮತ್ತೆ ಹಾಕಿಸಿದೆ. ಮಲ್ಟಿಮೀಟರಿನ ಒಂದು ಕಡ್ಡಿ ನ್ಯೂಟ್ರಲ್‌ಗೆ, ಇನ್ನೊಂದು ಫ್ರಿಜ್ಜಿನ ಮೈಗೆ. ಸಂಪ್ ಮೋಟರ್ ಓಡುವಾಗ 60 ವೋಲ್ಟ್ ತೋರಿಸಿತು. ಮೋಟರ್ ಆಫ್ ಮಾಡಿದ ಕೂಡಲೇ 1–2 ವೋಲ್ಟಿಗೆ ಇಳಿಯಿತು. ಫ್ರಿಜ್ಜಿನಲ್ಲಿ ಏನೂ ತೊಂದರೆ ಇರಲಿಲ್ಲ. ಮೋಟರ್ ವೈಂಡಿಂಗಿಗೆ ನೀರು ಸೇರಿ ಕರೆಂಟ್ ಅದರ ಮೈಗೆ ಸೋರುತ್ತಿತ್ತು. ಮನೆಯ ಎಲ್ಲಾ ಅರ್ಥ್ ತಂತಿಗಳೂ ಬೋರ್ಡಿನಲ್ಲಿ ಒಂದೇ ಕಡೆ ಸೇರುತ್ತವೆ. ಗುಂಡಿ ಅದನ್ನು ಸರಿಯಾಗಿ ಎಳೆದುಕೊಳ್ಳದಿದ್ದರೆ ಒಂದು ಸಾಮಾನಿನ ಸೋರಿಕೆ ಎಲ್ಲಾ ಸಾಮಾನಿನ ಮೈಗೂ ಬರುತ್ತೆ. ಗೀಸರ್ ಮುಟ್ಟಿದ್ದರೂ ಅವತ್ತು ಅದೇ 60 ವೋಲ್ಟ್. ಒದ್ದೆ ಕೈ, ಬರಿಗಾಲು ಆದರೆ ಅದು ಸಣ್ಣ ವಿಷಯವಲ್ಲ.

ಗುಂಡಿಯ ತಂತಿ ಬಿಡಿಸಿ, ಗುಂಡಿ ಕರೆಂಟಿಗೆ ಎಷ್ಟು ತಡೆ ಕೊಡುತ್ತೆ ಅಂತ ಅಳೆಯುವ ಅರ್ಥ್ ಮೆಗ್ಗರ್ ಹಾಕಿ ನೋಡಿದೆವು. 40 ಓಮ್. ಇಲ್ಲಿ ಲೆಕ್ಕ ಸುಲಭ: 60 ವೋಲ್ಟನ್ನು 40ರಿಂದ ಭಾಗಿಸಿದರೆ ಒಂದೂವರೆ ಆಂಪ್. ಅಷ್ಟು ಕರೆಂಟ್ ಮಣ್ಣಿಗೆ ಸೋರುತ್ತಿತ್ತು, ಬಿಲ್ಲಿನಲ್ಲೂ ಸೇರುತ್ತಿತ್ತು. ಮೋಟರಿನ ಎಂಸಿಬಿ 16 ಆಂಪಿನದು. ಒಂದೂವರೆ ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಫೇಸ್ ತಂತಿ ಪೂರ್ತಿ ಮೈಗೆ ತಾಗಿದ್ದರೂ 230 ವೋಲ್ಟನ್ನು 40ರಿಂದ ಭಾಗಿಸಿ ನೋಡಿ, 6 ಆಂಪೂ ಆಗುವುದಿಲ್ಲ. ಆಗಲೂ ಎಂಸಿಬಿ ಬೀಳುತ್ತಿರಲಿಲ್ಲ. ಎಲ್ಲದರ ಮೈಯಲ್ಲೂ ಹೆಚ್ಚು ಕಡಿಮೆ ಪೂರ್ತಿ 230 ವೋಲ್ಟ್ ಬಂದು ಕೂತಿರುತ್ತಿತ್ತು.

ಮೋಟರಿಗೆ ಹಾಕುವ ಸಿ ಟೈಪ್ 16 ಆಂಪ್ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪ್ ಹರಿಯಬೇಕು. ಅಷ್ಟು ಹರಿಯಲು ಗುಂಡಿ 3 ಓಮಿಗಿಂತಲೂ ಕಡಿಮೆ ಇರಬೇಕು. ನಮ್ಮ ಕಡೆ ಮೇಲೆ ಒಣ ಕೆಂಪು ಮಣ್ಣು, ಸ್ವಲ್ಪ ಅಗೆದರೆ ಜಲ್ಲಿ, ಬಂಡೆ. ಕರೆಂಟ್ ಹರಿಯುವುದು ಮಣ್ಣಿನ ತೇವದಲ್ಲಿ, ಬೇಸಿಗೆಗೆ ಆ ತೇವ ಇರುವುದಿಲ್ಲ. ಮನೆಯ ಒಂದು ಗುಂಡಿಯಲ್ಲಿ 3 ಓಮ್ ತರುವುದು ಇಲ್ಲಿ ಬಹಳ ಕಷ್ಟ.

ಅದಕ್ಕೇ ನಾನು ಆರ್‌ಸಿಸಿಬಿ ಇಲ್ಲದೆ ಮನೆ ಒಪ್ಪಿಸುವುದಿಲ್ಲ. ಅದು ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಅಂತ ಸದಾ ನೋಡುತ್ತಿರುತ್ತೆ. 30 ಮಿಲಿಆಂಪ್ ವ್ಯತ್ಯಾಸ ಬರುವಷ್ಟರಲ್ಲಿ ಲೈನ್ ಕತ್ತರಿಸುತ್ತೆ. ಒಂದೂವರೆ ಆಂಪ್ ಅದರ ಐವತ್ತು ಪಟ್ಟು. 40 ಓಮಿನ ಕೆಟ್ಟ ಗುಂಡಿ ಇದ್ದರೂ ಆ ಮೋಟರ್ ಒಂದು ಕ್ಷಣವೂ ಓಡುತ್ತಿರಲಿಲ್ಲ. ಕೊಳ್ಳುವಾಗ 30 ಮಿಲಿಆಂಪ್ ಅಂತ ನೋಡಿ ತನ್ನಿ, 100 ಅಥವಾ 300 ಇರುವುದು ಜೀವ ಕಾಯುವುದಕ್ಕಲ್ಲ. ಒಂದು ಮಾತು ನೆನಪಿರಲಿ: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಯೂ ಕಾಪಾಡುವುದಿಲ್ಲ. ಅದರ ಕಣ್ಣಿಗೆ ನೀವೂ ಒಂದು ಬಲ್ಬೇ.

ಹಾಗಂತ ಅರ್ಥಿಂಗ್ ಬೇಡ ಅಂತಲ್ಲ. ಅರ್ಥ್ ಇದ್ದರೆ ಸೋರಿಕೆ ಶುರುವಾದ ಕೂಡಲೇ ಸ್ವಿಚ್ ಬೀಳುತ್ತೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ, ಕರೆಂಟ್ ಅವರ ಮೈಯಲ್ಲಿ ಹರಿದ ಮೇಲೆ ಬೀಳುತ್ತೆ.

ಟೆಸ್ಟ್ ಲ್ಯಾಂಪ್ ಬಗ್ಗೆ ಹುಡುಗರು ಚೆನ್ನಾಗಿ ತಿಳಿಯಬೇಕು. ಫೇಸ್‌ಗೂ ಅರ್ಥ್‌ಗೂ ನಡುವೆ 100 ವ್ಯಾಟ್ ಬಲ್ಬ್ ಹಿಡಿದು, ಚೆನ್ನಾಗಿ ಉರಿದರೆ ಅರ್ಥಿಂಗ್ ಸರಿ ಅನ್ನುವುದು ಹಳೆ ರೂಢಿ. ಆ ಬಲ್ಬ್ ಎಳೆಯುವುದು ಅರ್ಧ ಆಂಪಿಗಿಂತ ಕಡಿಮೆ. 40 ಓಮಿನ ಗುಂಡಿಯಲ್ಲೂ ಅದು ಹೆಚ್ಚು ಕಡಿಮೆ ಪೂರ್ತಿ ಬೆಳಕು ಕೊಡುತ್ತೆ. ಅರ್ಥ್ ತಂತಿ ತುಂಡಾಗಿಲ್ಲ ಅಂತ ಗೊತ್ತಾಗುತ್ತೆ, ಗುಂಡಿ ಚೆನ್ನಾಗಿದೆ ಅಂತಲ್ಲ. ಅದಕ್ಕೆ ಮೆಗ್ಗರೇ ಬೇಕು. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಅದು ಬೀಳಬೇಕು. ಆದರೆ ಅದೂ ಆ ಸ್ವಿಚ್ಚಿನ ಪರೀಕ್ಷೆ ಅಷ್ಟೇ, ಗುಂಡಿಯದ್ದಲ್ಲ.

ಆ ಮನೆಯ ಗುಂಡಿ ಅಗೆದಾಗ ಪೈಪಿಗೆ ತಂತಿ ಕಟ್ಟಿದ್ದ ಕ್ಲಾಂಪ್ ತುಕ್ಕು ಹಿಡಿದು ಪುಡಿಯಾಗಿತ್ತು, ಇದ್ದಿಲು ಒಣಗಿ ಬೂದಿಯ ಹಾಗಿತ್ತು. ಎರಡೂವರೆ ಮೀಟರಿನ ಹೊಸ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ಹೊಸ ಕ್ಲಾಂಪ್ ಬಿಗಿದೆವು. ಉಪ್ಪು ಜಾಸ್ತಿ ಹಾಕಿದರೆ ಪೈಪನ್ನೇ ಬೇಗ ತಿನ್ನುತ್ತೆ, ಅದಕ್ಕೆ ಕೈ ಬಿಗಿ ಇರಲಿ. ನೀರು ಹೊಯ್ದು ಎರಡು ದಿನ ಬಿಟ್ಟು ನೋಡಿದರೆ 8 ಓಮ್. ಮೋಟರನ್ನು ರಿವೈಂಡಿಂಗಿಗೆ ಕಳಿಸಿದೆವು, ಬೋರ್ಡಿಗೆ ಆರ್‌ಸಿಸಿಬಿ ಹಾಕಿದೆವು. ಫೆಬ್ರವರಿಯಿಂದ ಮಳೆ ಬರುವ ತನಕ ವಾರಕ್ಕೆ ಎರಡು ಸಲ ಗುಂಡಿಯ ಬಾಯಿಗೆ ಒಂದು ಬಕೆಟ್ ನೀರು ಹೊಯ್ಯಿರಿ ಅಂತ ಅಮ್ಮನವರಿಗೆ ಹೇಳಿ ಬಂದೆ. ಪಾತ್ರೆ ತೊಳೆದ ನೀರಾದರೂ ಸಾಕು.

ಇನ್ನು ಆರ್‌ಸಿಸಿಬಿ ಪದೇ ಪದೇ ಬೀಳುತ್ತೆ, ತೆಗೆದು ನೇರ ಮಾಡಿಕೊಡು ಅಂತ ಮನೆಯವರು ಕೇಳುತ್ತಾರೆ. ಮಾಡಿಕೊಡಬೇಡಿ. ಎಲ್ಲಾ ಪ್ಲಗ್ ತೆಗೆಸಿ, ಒಂದೊಂದೇ ಹಾಕಿ ನೋಡಿ. ಗೀಸರ್ ಕಾಯಿಲ್ ಅಥವಾ ಮೋಟರ್ ಸಿಕ್ಕಿಬೀಳುವುದೇ ಹೆಚ್ಚು. ಪ್ಲಗ್ ಎಲ್ಲಾ ತೆಗೆದರೂ ಬಿದ್ದರೆ, ಯಾವುದೋ ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿ ಸ್ಕ್ರೂ ಬಿಗಿದಿರಬಹುದು. ಗುಂಡಿ ಇಲ್ಲದ ಮನೆಗಳಲ್ಲಿ ಹಾಗೆ ಮಾಡುವವರಿದ್ದಾರೆ. ಮುಂದೆ ಯಾವಾಗಲಾದರೂ ಆ ಸಾಕೆಟ್ಟಿಗೆ ಬರುವ ನ್ಯೂಟ್ರಲ್ ಕಡಿದು ಹೋದರೆ, ಫ್ರಿಜ್ಜಿನ ಮೈಗೇ 230 ವೋಲ್ಟ್ ಬಂದು ನಿಲ್ಲುತ್ತೆ. ಅಂಥ ಜೋಡಣೆ ಕಂಡರೆ ಬಿಚ್ಚಿ ಬೇರೆ ಮಾಡಿದ ಮೇಲೆಯೇ ಮೇನ್ ಆನ್ ಮಾಡಿ.