432 ಕೋಟಿ ಮತ್ತು ಕಪ್ಪತಗುಡ್ಡದ ಕಲ್ಲು

ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಧರ್ಮಗಳ ಅಧ್ಯಯನದ ಪೇಪರ್ ಕಲಿಸುತ್ತೇನೆ. ಬಿ.ಎ. ಮಕ್ಕಳೂ ಬಿ.ಎಸ್ಸಿ. ಮಕ್ಕಳೂ ಒಂದೇ ಕ್ಲಾಸಿನಲ್ಲಿ ಕೂತಿರುತ್ತಾರೆ. ಸೃಷ್ಟಿಯ ಕಥೆಗಳ ಪಾಠ ಬಂದರೆ ಜಗಳ ಆಗಬಹುದು ಅಂತ ಮೊದಲ ವರ್ಷ ಹೆದರಿದ್ದೆ. ಅದಕ್ಕೇ "ವಿಜ್ಞಾನ ಹೇಗೆ ಅಂತ ಹೇಳುತ್ತದೆ, ಧರ್ಮ ಯಾಕೆ ಅಂತ ಹೇಳುತ್ತದೆ" ಅಂದು ಮುಂದೆ ಹೋಗಿಬಿಟ್ಟೆ. ಮಕ್ಕಳು ಸುಮ್ನೆ ಬರೆದುಕೊಂಡರು. ಪರೀಕ್ಷೆಯಲ್ಲಿ ಎಲ್ಲರ ಉತ್ತರದಲ್ಲೂ ಅದೇ ಸಾಲು. ಯಾರೂ ಯೋಚನೆ ಮಾಡಿರಲಿಲ್ಲ ಅಂತ ಆಗ ಗೊತ್ತಾಯಿತು.

ಆಮೇಲಿನ ವರ್ಷಗಳಲ್ಲಿ ನನಗೆ ಜಗಳಕ್ಕಿಂತ ಕಷ್ಟ ಅನ್ನಿಸಿದ್ದು ಅವಸರದ ಹೊಂದಾಣಿಕೆ. ಒಬ್ಬ ಹುಡುಗ ಎದ್ದು ನಿಂತು ಹೇಳಿದ: "ಮೇಡಂ, ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ. ಬರೋಬ್ಬರಿ ಕೂಡ್ತದಲ್ರಿ! ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ರಿ." ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು.

ಅವನನ್ನು ಅಲ್ಲೇ ತಡೆಯಬಾರದು ಅಂತ ನನಗೆ ಅನ್ನಿಸಿತು. "ಎರಡೂ ಲೆಕ್ಕ ಎಲ್ಲಿಂದ ಬಂದವು, ನೋಡೋಣ" ಅಂದೆ. ಬೋರ್ಡಿನ ಒಂದು ಕಡೆ ಅವನೇ ಬರೆದ: ನಾಲ್ಕು ಯುಗ ಸೇರಿದರೆ 43 ಲಕ್ಷ 20 ಸಾವಿರ ವರ್ಷ, ಅಂಥ ಸಾವಿರ ಸುತ್ತು ಅಂದರೆ 432 ಕೋಟಿ. ಇನ್ನೊಂದು ಕಡೆ ಬಿ.ಎಸ್ಸಿ. ಹುಡುಗಿಯೊಬ್ಬಳು ಬರೆದಳು: ಉಲ್ಕೆಗಳಲ್ಲಿನ ಸೀಸವನ್ನು ಅಳೆದು 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು ಸುಮಾರು 455 ಕೋಟಿ ಅಂತ ತೋರಿಸಿದರು. ಒಂದು ಗುಣಿಸಿ ಬಂದ ಸಂಖ್ಯೆ, ಇನ್ನೊಂದು ಅಳೆದು ಬಂದ ಸಂಖ್ಯೆ.

ಆಮೇಲೆ ಮನೆಗೆಲಸ ಕೊಟ್ಟೆ. ಪೂಜೆಗೆ ಕೂತಾಗ ಹೇಳುವ ಸಂಕಲ್ಪವನ್ನು ಮನೆಯ ಹಿರಿಯರನ್ನೋ ಪೂಜಾರಿಯನ್ನೋ ಕೇಳಿ ಬರೆದುಕೊಂಡು ಬನ್ನಿ ಅಂದೆ. ಮರುದಿನ ನಾಲ್ಕೈದು ಜನ ತಂದರು: ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ, ಮೊದಲನೆಯ ಪಾದ. ಕಲ್ಪ ಅಂದರೆ ಬ್ರಹ್ಮನ ಒಂದು ಹಗಲು. ಅದು ಇನ್ನೂ ಮುಗಿದಿಲ್ಲ. ಆ ಹಗಲಿನ ಭಾಗಗಳೇ ಮನ್ವಂತರಗಳು, ವೈವಸ್ವತ ಏಳನೆಯದು. ಹಾಗಾಗಿ ಕಳೆದದ್ದು ಆರು, ಒಂದೊಂದಕ್ಕೆ 71 ಸುತ್ತು. ಈಗಿನದರಲ್ಲಿ 27 ಸುತ್ತು ಮುಗಿದಿವೆ. ನಡುವಿನ ಸಂಧಿಕಾಲಗಳನ್ನೂ ಈಗಿನ ಸುತ್ತಿನ ಮೂರು ಯುಗಗಳನ್ನೂ ಸೇರಿಸಿ ಮಕ್ಕಳೇ ಕೂಡಿದರು. ಸುಮಾರು 197 ಕೋಟಿ ಬಂತು.

ಹುಡುಗ ಬೋರ್ಡನ್ನೇ ನೋಡುತ್ತಿದ್ದ. 432 ಅಂದರೆ ಹಗಲಿನ ಪೂರ್ತಿ ಉದ್ದ. ಕಳೆದುಹೋದ ಕಾಲ ಅಂತ ಅವನ ಪರಂಪರೆಯೇ ಹೇಳುವುದು 197. ಹೊಂದಾಣಿಕೆ ಮುರಿದದ್ದು ವಿಜ್ಞಾನದಿಂದ ಅಲ್ಲ, ಸಂಕಲ್ಪದಿಂದಲೇ.

ಆಗ ಭೂವಿಜ್ಞಾನ ವಿಭಾಗದಿಂದ ತಂದಿದ್ದ ಕಪ್ಪತಗುಡ್ಡದ ಕಡೆಯ ಒಂದು ಕಲ್ಲನ್ನು ಮೇಜಿನ ಮೇಲೆ ಇಟ್ಟೆ. ಧಾರವಾಡ ಶಿಲೆಗಳು ಅಂತ ನಮ್ಮೂರಿನ ಹೆಸರಿನಲ್ಲೇ ಕರೆಯುವ ಗುಂಪಿಗೆ ಸೇರಿದ್ದು. ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದು ಈ ಶಿಲೆಗಳ ವಯಸ್ಸು ಹೇಳುತ್ತಾರೆ. 250 ಕೋಟಿ ವರ್ಷಕ್ಕಿಂತ ಹಳೆಯವು. ಗದಗ ಕಡೆಯ ಹುಡುಗಿ ಅದನ್ನು ಕೈಯಲ್ಲಿ ಹಿಡಿದು, "ಇಂಥವು ನಮ್ಮ ಹೊಲದಾಗ ಸಿಗ್ತಾವ್ರಿ" ಅಂದಳು. ಈ ಕಲ್ಪದಲ್ಲಿ ಕಳೆದ 197 ಕೋಟಿಗಿಂತ ಹಳೆಯದು ಅವಳ ಕೈಯಲ್ಲಿತ್ತು.

ಇಲ್ಲಿಗೆ ಬಿಟ್ಟರೆ ಮಕ್ಕಳು "ಹಾಗಾದರೆ ಸಂಕಲ್ಪ ಸುಳ್ಳು" ಅಂತ ಮನೆಗೆ ಹೋಗುತ್ತಾರೆ. ಅದು ನನ್ನ ಪಾಠ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭೌತವಿಜ್ಞಾನಿ ಕೆಲ್ವಿನ್ ಭೂಮಿಗೆ 2ರಿಂದ 4 ಕೋಟಿ ವರ್ಷ ಅಂತ ಹೇಳಿದ್ದರು. ಆಗಲೂ ಜನ ಇದೇ ಸಂಕಲ್ಪ ಹೇಳುತ್ತಿದ್ದರು. ವಿಜ್ಞಾನದ ಸಂಖ್ಯೆ ಬದಲಾದರೂ ಅವರ ಪೂಜೆ ನಿಲ್ಲಲಿಲ್ಲ, ಅಲ್ವಾ? ಅಂದಮೇಲೆ ಈ ಮಾತು ಮಾಡುವ ಕೆಲಸ ಬೇರೆಯದೇ ಇರಬೇಕು. "ಯಾರು, ಯಾವಾಗ, ಏನು ಮಾಡುವಾಗ ಇದನ್ನು ಹೇಳುತ್ತಾರೆ?" ಅಂತ ಕೇಳಿದೆ. ಮಕ್ಕಳು ಮತ್ತೆ ಓದಿದರು. ಯುಗದ ನಂತರ ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ದಡ, ತಿಥಿ, ವಾರ, ಕೊನೆಗೆ ಹೇಳುವವನ ಗೋತ್ರ, ಹೆಸರು.

ಮುಂದಿನ ವಾರ ಬೈಬಲ್‌ನ ಆದಿಕಾಂಡಕ್ಕೂ ಇದೇ ಅಳತೆ ಇಟ್ಟೆ. ಒಂದೇ ಧರ್ಮವನ್ನು ಸೋಸಿದರೆ ಕ್ಲಾಸು ನಂಬಿಕೆ ಕಳೆದುಕೊಳ್ಳುತ್ತದೆ. ಒಂದು ದಿನ ಅಂದರೆ ಕೋಟಿ ವರ್ಷ ಅಂತ ಹಿಗ್ಗಿಸಿದರೂ ಗಿಡಗಳು ಮೂರನೆಯ ದಿನ, ಸೂರ್ಯ ನಾಲ್ಕನೆಯ ದಿನ. ಎರಡನೆಯ ಅಧ್ಯಾಯದಲ್ಲಿ ಮನುಷ್ಯ ಪ್ರಾಣಿಗಳಿಗಿಂತ ಮೊದಲು. ಅಲ್ಲೂ ಕೇಳಿದ್ದು ಅದೇ ಪ್ರಶ್ನೆ. ಏಳನೆಯ ದಿನದ ವಿಶ್ರಾಂತಿಗೆ ಕಥೆ ಬಂದು ನಿಲ್ಲುವುದನ್ನು ಒಬ್ಬ ಕ್ರೈಸ್ತ ಹುಡುಗ ಗುರುತಿಸಿದ.

ನನ್ನದು ಒಂದೇ ನಿಯಮ: ಯಾರ ನಂಬಿಕೆಯನ್ನೂ ಕೇಳುವುದಿಲ್ಲ. ವಾಕ್ಯ "ಈ ಪಠ್ಯ ಹೇಳುತ್ತದೆ" ಅಂತಲೋ "ಭೂವಿಜ್ಞಾನ ಹೇಳುತ್ತದೆ" ಅಂತಲೋ ಶುರುವಾಗಬೇಕು.

432 ಕೋಟಿ ಅಂದಿದ್ದ ಹುಡುಗ ತನ್ನ ನಿಯೋಜಿತ ಬರಹದಲ್ಲಿ ಹೀಗೆ ಬರೆದಿದ್ದ: "ಸಂಕಲ್ಪ ಭೂಮಿಯ ವಯಸ್ಸು ಹೇಳಲು ಹೊರಟಿಲ್ಲ. ನೀರು ಹಿಡಿದು ಕೂತ ನಮ್ಮ ಅಜ್ಜನ ವಿಳಾಸ ಹೇಳುತ್ತದೆ."