ಟ್ರಾನ್ಸ್‌ಫಾರ್ಮರ್ ಸುಟ್ಟ ದಿನದ ಕೂಲಿ ಯಾವ ಲೆಕ್ಕಕ್ಕೆ?

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೂಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬೆಳೆಗಾರರ ಕಾಫಿ ಇಲ್ಲಿಗೆ ಲಾಟ್ ಲಾಟಾಗಿ ಬರುತ್ತದೆ. ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿದ ಮೇಲೆ ಹೆಂಗಸರು ಬೆಲ್ಟ್ ಪಕ್ಕ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಾರೆ. ಯಾವ ಲಾಟಿಗೆ ಎಷ್ಟು ಕೂಲಿ ಬಿತ್ತು ಅಂತ ತಿಳಿಯದೆ ಕ್ಯೂರಿಂಗ್ ಚಾರ್ಜ್ ಹೇಳೋಕೆ ಆಗಲ್ಲ.

ನಾನು ಎರಡು ದಾಖಲೆ ಇಟ್ಟುಕೊಳ್ಳುತ್ತೇನೆ: ಗೇಟಿನ ಹಾಜರಿ, ಮೇಸ್ತ್ರಿ ಬರೆಯುವ ಲಾಟ್ ಕಾರ್ಡು. ಹಾಜರಿಯಲ್ಲಿದ್ದು ಕಾರ್ಡಿನಲ್ಲಿ ಇಲ್ಲದ ಗಂಟೆಗಳೇ ಖಾಲಿ ಸಮಯ.

ಒಂದು ವಾರದ ಲೆಕ್ಕ ಹೇಳ್ತೀನಿ, ಅಂಕಿ ದುಂಡಗೆ ಮಾಡಿದ್ದೇನೆ. 20 ಜನ, ತಲಾ 48 ಗಂಟೆ, ಒಟ್ಟು 960 ಗಂಟೆ. ಗಂಟೆಗೆ 60 ರೂಪಾಯಿ ಅಂದರೆ ಕೂಲಿ 57,600. ಟೀ, ಲಾಟ್ ಬದಲಿಸುವಾಗ ಬೆಲ್ಟ್ ಗುಡಿಸೋದು, ಇದಕ್ಕೆಲ್ಲ ದಿನಕ್ಕೆ ಅರ್ಧ ಗಂಟೆ ಹೋಗೇ ಹೋಗುತ್ತದೆ. ವಾರಕ್ಕೆ ಅದು 60 ಗಂಟೆ. ಅದನ್ನು ತಪ್ಪಿಸೋಕೆ ಆಗಲ್ಲ, ಹಾಗಾಗಿ ಲಾಟುಗಳೇ ಹೊರಬೇಕು. 57,600ನ್ನು ಉಳಿದ 900 ಗಂಟೆಗೆ ಭಾಗಿಸಿದರೆ ಗಂಟೆಗೆ 64 ರೂಪಾಯಿ. ಲಾಟುಗಳಿಗೆ ನಾನು ಹಾಕೋದು ಇದೇ ದರ.

ಆ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಲ್ಟ್ 5 ಗಂಟೆ ನಿಂತಿತು. 20 ಜನರ 100 ಗಂಟೆ ಹೋಯಿತು. ಇದು ಮಾಮೂಲಿ ನಷ್ಟ ಅಲ್ಲ, ಅಲ್ವಾ? ಬೆಳೆಗಾರರ ಕಾಫಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದಕ್ಕೇ 6,400 ರೂಪಾಯಿಯನ್ನು ನೇರವಾಗಿ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ ಹಾಕಿದೆ. ಲಾಟುಗಳಿಗೆ ಹೋದದ್ದು 800 ಗಂಟೆಯ 51,200 ಮಾತ್ರ.

ಮುಂದಿನ ವಾರ ಆ ಬಾಕಿ ತೀರಿಸೋಕೆ 10 ಜನರನ್ನು 5 ದಿನ ಸಂಜೆ ಎರಡೆರಡು ಗಂಟೆ ಓಟಿಗೆ ನಿಲ್ಲಿಸಿದರು. ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಕಾನೂನು ಪ್ರಕಾರ ಡಬಲ್ ಕೂಲಿ. ಹಾಗಾಗಿ 100 ಗಂಟೆಗೆ 12,000. ಇದರಲ್ಲಿ ಮೂಲ ಕೂಲಿ 6,000 ಲಾಟಿಗೆ ಸೇರುತ್ತದೆ. ಮೇಲಿನ 6,000 ಎಲ್ಲಿಗೆ ಅನ್ನೋದನ್ನು ಓಟಿಯ ಕಾರಣ ನೋಡಿ ತೀರ್ಮಾನಿಸಬೇಕು. ಬೆಳೆಗಾರರೇ ಬೇಗ ಬೇಕು ಅಂದಿದ್ದರೆ ಅವರ ಲಾಟಿಗೆ. ಸೀಸನ್ ಒತ್ತಡ ಆಗಿದ್ದರೆ ಓವರ್‌ಹೆಡ್‌ಗೆ, ಎಲ್ಲ ಲಾಟಿಗೂ ಹಂಚಿಕೆ. ಇಲ್ಲಿ ಮೂಲ ಕಾರಣ ಟ್ರಾನ್ಸ್‌ಫಾರ್ಮರ್. ಹಾಗಾಗಿ ಇದೂ ಲಾಭ-ನಷ್ಟಕ್ಕೇ ಹೋಯಿತು.

ಎಷ್ಟೋ ಕಡೆ ಸಂಜೆ ಬೆಲ್ಟ್ ಮೇಲಿದ್ದ ಲಾಟಿಗೇ ಪೂರ್ತಿ 12,000 ಹಾಕಿಬಿಡುತ್ತಾರೆ. ಇದು ನನಗೆ ಸ್ವಲ್ಪವೂ ಒಪ್ಪಲ್ಲ. ಬೆಳಿಗ್ಗೆ ಆರಿಸಿದ ಕಾಫಿ ಅಗ್ಗ, ಸಂಜೆ ಆರಿಸಿದ್ದು ದುಬಾರಿ ಅಂತ ಲೆಕ್ಕ ಹೇಳುತ್ತದೆ. ಅದೇ ಕಾಫಿ, ಅದೇ ಕೈಗಳು!

ಓಟಿ ಚೀಟಿಯಲ್ಲಿ ಕಾರಣವನ್ನು ಕೆಲಸ ಶುರುವಾಗುವ ಮೊದಲೇ ಬರೆಸುತ್ತೇನೆ. ತಿಂಗಳ ಕೊನೆಗೆ ಬರೆಸಿದರೆ ಎಲ್ಲದಕ್ಕೂ 'ಕೆಲಸದ ಒತ್ತಡ' ಅಂತಲೇ ಬರುತ್ತದೆ. ಖಾಲಿ ಸಮಯ ಇಲ್ಲದ ವಾರದಲ್ಲೂ ಓಟಿ ಏರಿದರೆ, ಹಗಲಿನಲ್ಲಿ ಗಂಟೆಗೆ ಎಷ್ಟು ಮೂಟೆ ಆಯಿತು, ಸಂಜೆ ಎಷ್ಟು ಅಂತ ಹೋಲಿಸುತ್ತೇನೆ. ಹಗಲಿನದು ಇಳಿದಿದ್ದರೆ ಕೆಲಸವನ್ನು ಸಂಜೆಗೆ ತಳ್ಳುತ್ತಿದ್ದಾರಾ ಅಂತ ಮೊದಲು ಮೇಸ್ತ್ರಿಯನ್ನೇ ಕೇಳುತ್ತೇನೆ.