ಬಾಗಿಲಲ್ಲಿ ಮಾತನಾಡಿಯೇ ಬೋರ್ಡಿಂಗ್ ಬೇಗ ಮುಗಿಸಿದ ನನ್ನ ಅನುಭವ

ನಾನು ವಿಮಾನದ ಕ್ಯಾಬಿನ್ ಸಿಬ್ಬಂದಿ. ಮುಂಬಾಗಿಲಲ್ಲಿ ಪ್ರಯಾಣಿಕರೊಂದಿಗೆ ಮಾತಿಗೆ ನಿಂತರೆ ಬೋರ್ಡಿಂಗ್ ತಡವಾಗುತ್ತದೆ ಎಂದು ಸೀನಿಯರ್‌ಗಳು ನನ್ನನ್ನು ಗದರುತ್ತಿದ್ದರು. ಈಗ ಅವರೇ ಹೊಸಬರನ್ನು ನನ್ನ ಪಕ್ಕದಲ್ಲಿ ನಿಲ್ಲಿಸುತ್ತಾರೆ.

ಮೊದಲ ವರ್ಷ ನೂರೆಂಬತ್ತು ಜನರಿಗೂ ಒಂದೇ ನಗು, ಒಂದೇ ‘ನಮಸ್ಕಾರ, ಸ್ವಾಗತ’. ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ ಇದ್ದ ದಿನ ಹತ್ತಿರ ಹತ್ತಿರ ಏಳುನೂರು ಸಲ. ಸಂಜೆಯ ಹೊತ್ತಿಗೆ ಕೆನ್ನೆ ಸೆಟೆದುಕೊಂಡು ಗಂಟಲು ಕಟ್ಟುತ್ತಿತ್ತು. ರಜೆಗೆ ದಾವಣಗೆರೆಗೆ ಬಂದಾಗ ಗಂಟಲಿನ ವೈದ್ಯರಿಗೆ ಎರಡು ಮೂರು ಸಾವಿರ ಸುರಿದಿದ್ದೇನೆ. ನಮ್ಮಲ್ಲಿ ಹಾರಾಟದ ಭತ್ಯೆ ಶುರುವಾಗುವುದು ವಿಮಾನ ಕದಲಿದ ಮೇಲೆ. ಮೈ ಹಣ್ಣಾಗುವ ಬೋರ್ಡಿಂಗ್‌ನ ಅರ್ಧ ಗಂಟೆಗೆ ಒಂದು ಕಾಸೂ ಇಲ್ಲ.

ದಾರಿ ಸಿಕ್ಕಿದ್ದು ತಂಗಿಯ ಮದುವೆಯಲ್ಲಿ. ಕಲ್ಯಾಣ ಮಂಟಪದ ಬಾಗಿಲಲ್ಲಿ ನಮ್ಮ ಸೋದರತ್ತೆ ಪನ್ನೀರು ಚಿಮುಕಿಸುತ್ತ ನಿಂತಿದ್ದರು. ಊಟದ ಮನೆ ತುಂಬಿದ್ದಾಗ ‘ಮೊಣಕಾಲು ಹೇಗಿದೆ? ಮಗ ಬರಲಿಲ್ಲವೇ?’ ಎಂದು ಬಂದವರನ್ನು ಅಲ್ಲೇ ಹಿಡಿಯುವರು. ಪಂಕ್ತಿ ಎದ್ದ ಕೂಡಲೇ ‘ಬನ್ನಿ, ಮೊದಲು ಊಟ’ ಎಂದು ಒಳಗೆ ಬಿಡುವರು. ತಮ್ಮನ್ನು ತಡೆದರು ಎಂದು ಒಬ್ಬರಿಗೂ ಅನ್ನಿಸಲಿಲ್ಲ.

ನಮ್ಮ ಸಾಲು ಸಿಕ್ಕಿಕೊಳ್ಳುವುದೂ ಒಳಗೇ, ಯಾರೋ ಪೆಟ್ಟಿಗೆ ಎತ್ತುವಲ್ಲಿ. ಆಗ ಬಾಗಿಲಿನಿಂದ ಜನರನ್ನು ತಳ್ಳಿದರೆ ಅವರು ಒಬ್ಬರ ಬೆನ್ನಿಗೊಬ್ಬರು ನಿಂತು, ಪೆಟ್ಟಿಗೆಯವನಿಗೆ ಹಿಂದೆ ಸರಿಯಲೂ ಜಾಗ ಇರುವುದಿಲ್ಲ. ಮೊನ್ನೆ ಆರನೆಯ ಸಾಲಿನಲ್ಲಿ ಒಬ್ಬರು ಪೆಟ್ಟಿಗೆಯನ್ನು ಅಡ್ಡಡ್ಡ ತುರುಕುತ್ತಿದ್ದರು. ಬಾಗಿಲಿಗೆ ಬಂದ ಅಜ್ಜಿಯ ಚೀಲ ನೋಡಿ ‘ಇದರಲ್ಲಿ ಮಂಡಕ್ಕಿ ಇದೆಯೇ ಅಜ್ಜಿ?’ ಎಂದೆ. ‘ಮೊಮ್ಮಗನಿಗೆ, ನಮ್ಮ ದಾವಣಗೆರೆಯದು’ ಎಂದು ಅವರು ಮುಖ ಅರಳಿಸಿ ಚೀಲ ಬಿಚ್ಚಿಯೇ ತೋರಿಸಿದರು. ಅಷ್ಟರಲ್ಲಿ ಒಳಗಿದ್ದ ಸಹೋದ್ಯೋಗಿ ಗೆಳತಿ ಆ ಪೆಟ್ಟಿಗೆಯನ್ನು ಚಕ್ರ ಒಳಗಾಗುವಂತೆ ತಿರುಗಿಸಿ ಇಟ್ಟಳು. ಹಾದಿ ತೆರೆಯಿತು. ಆಮೇಲಿನ ಇಪ್ಪತ್ತು ಜನರಿಗೆ ಕಣ್ಣಿನಲ್ಲೇ ನಮಸ್ಕಾರ, ಬಾಯಿಗೆ ವಿಶ್ರಾಂತಿ. ಮಾತಿಗೆ ನಿಂತಾಗ ಇನ್ನೊಂದು ಲಾಭವಿದೆ: ಕುಡಿದವರು, ಜ್ವರ ಬಂದವರು, ತುರ್ತು ಬಾಗಿಲ ಸಾಲಿನಲ್ಲಿ ಕೂರಲಾರದವರು ಅಲ್ಲೇ ತಿಳಿಯುತ್ತಾರೆ.

ನಡುವೆ ಎಲ್ಲರಿಗೂ ಕೈ ತೋರಿಸಿ ಸೀಟಿನ ದಿಕ್ಕು ಹೇಳಿ ನೋಡಿದೆ. ಒಳಗೆ ನಡೆಯುವವರಿಗೆ ಎ, ಬಿ, ಸಿ ಬಲಕ್ಕೆ ಬರುತ್ತವೆ. ದಣಿದಾಗ ನನ್ನ ಎಡವನ್ನೇ ಅವರಿಗೂ ಹೇಳಿಬಿಡುತ್ತಿದ್ದೆ, ಗೊಂದಲ ದುಪ್ಪಟ್ಟಾಯಿತು. ಬಿಟ್ಟೆ. ಎರಡೂ ಕಡೆ ಏಣಿ ಇದ್ದಾಗ ಇಪ್ಪತ್ತೇಳನೆಯ ಸಾಲಿನವರು ಮುಂದೆ ಬಂದರೆ ಮಾತ್ರ ಚೀಟಿ ನೋಡಿ ಹಿಂದಿನ ಏಣಿಗೆ ಕಳುಹಿಸುತ್ತೇನೆ.

ಮೂವತ್ತೈದು ನಿಮಿಷ ಹಿಡಿಯುತ್ತಿದ್ದ ಬೋರ್ಡಿಂಗ್ ಈಗ ಇಪ್ಪತ್ತೆಂಟರ ಆಸುಪಾಸಿನಲ್ಲಿ ಮುಗಿಯುತ್ತದೆ. ಬಸ್ ಒಮ್ಮೆಗೇ ಅರವತ್ತು ಜನರನ್ನು ಬಿಸಿಲಲ್ಲಿ ಇಳಿಸಿದರೆ ಈ ಉಪಾಯ ನಡೆಯುವುದಿಲ್ಲ. ಏಣಿಯ ಮೇಲೆ ಬೇಯುತ್ತಿರುವವರಿಗೆ ಮೊಣಕಾಲಿನ ವಿಚಾರ ಬೇಡ. ಲಗೇಜ್ ಜಾಗಕ್ಕೆ ಜಗಳ ಎದ್ದಾಗ ನಾನು ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಜೊತೆ ಒಂದು ಸೆಕ್ಟರ್ ಹಾರಿದವರಿಗೆ ತಾನಾಗಿಯೇ ಕೇಳಿಸುತ್ತದೆ. ಎರಡನೆಯ ಸೆಕ್ಟರ್ ಮುಗಿದ ಮೇಲೆ ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಕಟ್ಟೆಯಲ್ಲಿ ಇರುವ ಗೆಳತಿಯೊಂದಿಗೆ ಜಾಗ ಬದಲಿಸಿಕೊಳ್ಳುತ್ತೇನೆ. ಈ ವರ್ಷ ಗಂಟಲಿನ ವೈದ್ಯರ ಬಳಿ ಹೋಗಿಲ್ಲ.